ಅಕ್ಕನ ಬೂಟು

ಜತ್ತ ತಾಲೂಕಿನ ಹಳ್ಳಿಯ ಕನ್ನಡ ಶಾಲೆಯ ಆ ಹುಡುಗಿ ಯಾವತ್ತೂ ಬರಿಗಾಲಲ್ಲೇ ಓಡಿದವಳು. ಈಗ ಸಾಂಗಲಿಯಲ್ಲಿ ಮೊದಲ ಜಿಲ್ಲಾ ಓಟ, 1500 ಮೀಟರ್. ಹಬ್ಬಕ್ಕೆಂದು ಡೊಂಬಿವಲಿಯಿಂದ ಬಂದಿದ್ದ ಸೋದರಮಾವನ ಮಗಳು ತನ್ನ ಬೂಟು ಬಿಟ್ಟುಹೋಗಿದ್ದಳು. "ಓಡಿ ಆದಮ್ಯಾಲ ಕಳಸು. ಕೆಡಸಬ್ಯಾಡ ನೋಡು."

ಬೂಟು ಒಂದು ನಂಬರ್ ದೊಡ್ಡದು. ಅವ್ವ ತುದಿಗೆ ಬಟ್ಟೆ ತುರುಕಿದಳು. ಆದರೂ ಹೆಜ್ಜೆಹೆಜ್ಜೆಗೂ ಹಿಮ್ಮಡಿ ಮೇಲೇಳುತ್ತಿತ್ತು. ಗುರುಗಳು ಲೇಸನ್ನು ಕೊನೆಯ ತೂತಿಗೆ ಅದೇ ಬದಿಯಿಂದ ಪೋಣಿಸಿ, ಎರಡೂ ಕಡೆ ಕುಣಿಕೆ ಮಾಡಿ, ಎದುರು ಬದಿಯ ತುದಿಯನ್ನು ಅದರೊಳಗೆ ತೂರಿಸಿ ಬಿಗಿದರು.

"ಬರಿಗಾಲಲ್ಲೂ ಓಡಬಹುದು, ನಿಯಮ ಐತಿ. ಆದರ ಉಳಿದವರು ಮೊಳೆಬೂಟು ಹಾಕ್ಯಾರ. ತುಳಿದರ?"

ಮಣ್ಣಿನ ಮೈದಾನ, ಸುತ್ತಿಗೆ 200 ಮೀಟರ್, ಒಟ್ಟು ಏಳೂವರೆ ಸುತ್ತು. ನಾಲ್ಕು ಸುತ್ತಿನವರೆಗೆ ಅವಳು ಮೂರನೆಯವಳು. ಐದನೆಯದರಲ್ಲಿ ಎಡಕ್ಕೆ ಹೊರಳುವಾಗ ಬಲಗಾಲು ಬೂಟಿನೊಳಗೇ ಪಕ್ಕಕ್ಕೆ ಜಾರಿತು. ಕಿರುಬೆರಳ ಬುಡ ಉರಿಯಿತು. ಕಾಲ್ಚೀಲ ಒದ್ದೆಯಾದಾಗ ಗುಳ್ಳೆ ಒಡೆದದ್ದು ಗೊತ್ತಾಯಿತು. ನಿಂತು ಕಳಚಿದರೆ ಓಟ ಮುಗಿದಂತೆ. ತಿರುವಿನಲ್ಲಿ ಹೆಜ್ಜೆ ಗಿಡ್ಡ ಮಾಡಿದಳು, ನೇರದಲ್ಲಿ ಉದ್ದ. ಇಬ್ಬರು ದಾಟಿ ಹೋದರು. ಕೊನೆಯ ನೇರದಲ್ಲಿ ಒಬ್ಬಳನ್ನು ಮತ್ತೆ ಹಿಂದೆ ಹಾಕಿದಳು. ನಾಲ್ಕನೆಯ ಸ್ಥಾನ.

ಮರುದಿನ ಎಷ್ಟು ತಿಕ್ಕಿ ತೊಳೆದರೂ ಬೂಟಿನೊಳಗಿನ ಕೆಂಪು ಕಲೆ ಹೋಗಲಿಲ್ಲ. ಅಂಜುತ್ತಲೇ ಫೋನು ಮಾಡಿ ಹೇಳಿದಳು.

ಅತ್ತ ಲೋಕಲ್ ರೈಲಿನ ಸದ್ದು. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಕಲೆ ಇರಲಿ ಬಿಡು. ನಿನ್ನ ಕಾಲಿನ ನಂಬರ್ ಎಷ್ಟು, ಹೇಳು."