ನಂಬಿಕೆ ಇದ್ರೆ ಬರೆದುಕೊಡಿ

"ಸ್ನೇಹಿತರ ಮಧ್ಯೆ ಕಾಗದ ಯಾಕೆ? ಅಷ್ಟೂ ನಂಬಿಕೆ ಇಲ್ವಾ?" ಕೈಸಾಲದ ಮಾತು ಬಂದಾಗ ನಮ್ಮವರಲ್ಲಿ ಈ ಪ್ರಶ್ನೆ ಬಂದೇ ಬರುತ್ತೆ. ಕೇಳಿದವರು ದೊಡ್ಡ ಮನಸ್ಸಿನವರ ಹಾಗೆ ಕಾಣ್ತಾರೆ, ಕಾಗದ ಕೇಳಿದವರು ಸಣ್ಣವರಾಗಿಬಿಡ್ತಾರೆ. ಈ ಲೆಕ್ಕ ತಲೆಕೆಳಗಾಗಿದೆ ಅನ್ನೋದು ನನ್ನ ವಾದ. ರುಜು ಹಾಕಿದ ಸಾಲಪತ್ರದಿಂದ ಹೆಚ್ಚು ಲಾಭ ಆಗೋದು ದುಡ್ಡು ಕೊಟ್ಟವರಿಗಲ್ಲ, ಪಡೆದವರಿಗೆ. ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಮೊತ್ತವೂ ಅಲ್ಲ, ಕಂತುಗಳನ್ನು ಎಲ್ಲಿ, ಹೇಗೆ ಬರೆದಿಡ್ತೀವಿ ಅನ್ನೋ ಸಾಲು.

ಒಂದು ಉದಾಹರಣೆ ಹಾಕೋಣ. ಇಂಗ್ಲೆಂಡಿನಲ್ಲಿರುವ ಇಬ್ಬರು ಗೆಳತಿಯರು. ಒಬ್ಬಳು ಹೊಸ ಬಾಡಿಗೆ ಮನೆಗೆ ಹೋಗುವಾಗ ಇನ್ನೊಬ್ಬಳಿಂದ 4,800 ಪೌಂಡ್ ಪಡೆದಳು. "ತಿಂಗಳಿಗೆ ಒಂದು ನಾನೂರು ಕೊಡ್ತಾ ಹೋಗ್ತೀನಿ ಕಣೇ" ಅಂದಳು, ಅಷ್ಟೇ ಮಾತು. ಏಳು ತಿಂಗಳಲ್ಲಿ ಬ್ಯಾಂಕಿನಿಂದ ಹೋದ ಹಣ ಹೀಗಿದೆ: 400, 400, 400, 150, 400, 250, 400. ಈಗ ಬಾಕಿ ಎಷ್ಟು? ಪಡೆದವಳು ಎಲ್ಲವನ್ನೂ ಕೂಡಿಸಿ, 2,400 ಕೊಟ್ಟಿದ್ದೀನಿ, ಇನ್ನು 2,400 ಉಳಿದಿದೆ ಅಂತಾಳೆ. ಕೊಟ್ಟವಳ ಲೆಕ್ಕದಲ್ಲಿ 150 ರೈಲಿನ ಟಿಕೆಟಿನ ಪಾಲು, 250 ರಜೆಗೆ ಹೋದಾಗಿನ ಮನೆಯ ಪಾಲು. ಹಾಗಾಗಿ ಬಂದಿರೋ ಕಂತು ಐದು, ಬಾಕಿ 2,800. ಇಬ್ಬರೂ ಸುಳ್ಳು ಹೇಳ್ತಿಲ್ಲ. ಆದ್ರೂ ನಡುವೆ 400 ಪೌಂಡಿನ ಹಳ್ಳ ಬಿದ್ದಿದೆ. ಇಬ್ಬರಿಗೂ ಅದು ಮೋಸದ ಹಾಗೆ ಕಾಣಿಸೋಕೆ ಶುರುವಾಗುತ್ತೆ. ನಂಬಿಕೆ ಕಡಿಮೆಯಾಗಿ ಹೀಗಾಗಲಿಲ್ಲ. ನೆನಪಿನಿಂದ ಆಗದ ಕೆಲಸವನ್ನ ನೆನಪಿಗೆ ವಹಿಸಿದ್ದರಿಂದ ಹೀಗಾಯ್ತು.

ಇದೇ ಸಾಲಕ್ಕೆ ಒಂದು ಪುಟ ಸಾಕಿತ್ತು. ಅದರಲ್ಲಿ ಹೀಗಿರಬೇಕು:

"ನಾನು ನಿನ್ನಿಂದ 3 ಜನವರಿ 2025ರಂದು 4,800 (ನಾಲ್ಕು ಸಾವಿರದ ಎಂಟುನೂರು) ಪೌಂಡ್‌ಗಳನ್ನು ಬ್ಯಾಂಕ್ ಮೂಲಕ ಸಾಲವಾಗಿ ಪಡೆದಿದ್ದೇನೆ. ಬಡ್ಡಿ ಇಲ್ಲ. 5 ಫೆಬ್ರವರಿ 2025ರಿಂದ ಪ್ರತಿ ತಿಂಗಳ 5ನೇ ತಾರೀಖು 400 ಪೌಂಡ್‌ನಂತೆ 12 ಕಂತುಗಳಲ್ಲಿ, 5 ಜನವರಿ 2026ರೊಳಗೆ ಪೂರ್ತಿ ತೀರಿಸುತ್ತೇನೆ. ಸತತ ಎರಡು ಕಂತು ತಪ್ಪಿದರೆ ಉಳಿದ ಬಾಕಿಯನ್ನೆಲ್ಲ ಒಟ್ಟಿಗೆ ಕೇಳುವ ಹಕ್ಕು ನಿನಗಿದೆ. ಪ್ರತಿ ಕಂತನ್ನೂ ಕೆಳಗಿನ ಪಟ್ಟಿಯಲ್ಲಿ ಬರೆಯುತ್ತೇವೆ. ಪಟ್ಟಿಯಲ್ಲಿ ಇಲ್ಲದ ಯಾವ ವ್ಯವಹಾರವೂ ಈ ಸಾಲಕ್ಕೆ ಸೇರುವುದಿಲ್ಲ."

ಕೆಳಗೆ ಇಬ್ಬರ ಪೂರ್ತಿ ಹೆಸರು, ವಿಳಾಸ, ರುಜು, ತಾರೀಖು. ಎರಡು ಪ್ರತಿ, ಒಬ್ಬರಿಗೊಂದು. ಊರಿನ ಅಭ್ಯಾಸಕ್ಕೆ ಛಾಪಾ ಕಾಗದ ಹುಡುಕಬೇಡಿ, ಇಂಗ್ಲೆಂಡಿನಲ್ಲಿ ಇಂಥ ಪತ್ರಕ್ಕೆ ಅದು ಬೇಕಿಲ್ಲ. ಸಾಕ್ಷಿಯೂ ಕಡ್ಡಾಯವಲ್ಲ. ಮುಂದೆ ಕೋರ್ಟು ಓದಬೇಕಾಗಿ ಬಂದ್ರೆ ಅನುವಾದದ ತಾಪತ್ರಯ ಬೇಡ ಅನ್ನೋದಕ್ಕೆ ಇಂಗ್ಲಿಷಿನಲ್ಲೇ ಬರೆಯೋದು ಒಳ್ಳೇದು.

ಇಲ್ಲಿ "ಸಾಲವಾಗಿ" ಅನ್ನೋ ಒಂದು ಪದ ಬಿಟ್ರೆ, ಕೊಟ್ಟಿದ್ದು ಉಡುಗೊರೆ ಅಂತ ವಾದಿಸೋಕೆ ಜಾಗ ಆಗುತ್ತೆ. ತಾರೀಖು ಬಿಟ್ಟು "ಆದಾಗ ಕೊಡ್ತೀನಿ" ಅಂತ ಬರೆದ್ರೆ ಕಷ್ಟ ಪಡೆದವರಿಗೇ. ಕಂತಿನ ತಾರೀಖು ಸಾಲಗಾರರ ಕತ್ತಿಗೆ ಕಟ್ಟಿದ ಹಗ್ಗ ಅಂದ್ಕೊಳ್ಳಬೇಡಿ, ಅದು ಅವರ ಕೊಡೆ. ಕಂತು ಸರಿಯಾಗಿ ಕಟ್ಟುತ್ತಿರುವಷ್ಟು ಕಾಲ, "ನಂಗೆ ಕಾರು ತಗೋಬೇಕು, ನಾಳೆ ಪೂರ್ತಿ ಕೊಡು" ಅಂತ ಯಾರೂ ಕೇಳೋ ಹಾಗಿಲ್ಲ.

ಈಗ ಪಟ್ಟಿಗೆ ಬರೋಣ. ನಾಲ್ಕು ಅಂಕಣ ಸಾಕು: ತಾರೀಖು, ಕಟ್ಟಿದ ಹಣ, ಉಳಿದ ಬಾಕಿ, ಇಬ್ಬರ ಚಿಕ್ಕ ರುಜು. ಐದನೇ ಕಂತಿನ ಸಾಲಿನಲ್ಲಿ ಬಾಕಿ 2,800 ಅಂತ ಬರೆದು ಇಬ್ಬರೂ ರುಜು ಹಾಕಿದ ಮೇಲೆ, ರೈಲಿನ ಟಿಕೆಟು ಅದರೊಳಗೆ ನುಸುಳೋಕೆ ಆಗಲ್ಲ. ಒಂದು ತಿಂಗಳು 200 ಮಾತ್ರ ಕಟ್ಟೋಕಾಯ್ತಾ? 200 ಅಂತಲೇ ಬರೀರಿ, ಬಾಕಿ ತಾನಾಗಿ ಸರಿಹೋಗುತ್ತೆ. ಪ್ರತಿ ತಿಂಗಳು ಭೇಟಿ ಆಗೋಕೆ ಆಗದಿದ್ರೆ ಬ್ಯಾಂಕಿನ ರೆಫರೆನ್ಸ್ ಜಾಗದಲ್ಲಿ `SAALA 01`, `SAALA 02` ಅಂತ ಹಾಕಿ. ಬಾಕಿ ಎಷ್ಟು ಅಂತ ಒಂದು ಮೆಸೇಜು ಕಳಿಸಿ, ಸಿಕ್ಕಾಗ ಪಟ್ಟಿಗೆ ರುಜು ಹಾಕಿ. ನಮ್ಮೂರಿನಲ್ಲಿ ಪ್ರೋನೋಟಿನ ಹಿಂಬದಿಗೆ ಕಂತಿನ ಷರಾ ಬರೆದು, ಕಟ್ಟಿದವರ ರುಜು ಹಾಕಿಸ್ತಿದ್ದದ್ದೂ ಇದೇ ಕೆಲಸಕ್ಕೆ. ಕಾಗದ ಪರದೇಶದ ರೋಗ ಅನ್ನೋರಿಗೆ ಈ ಷರಾವನ್ನು ನೆನಪಿಸಿ.

ಕಾನೂನಿನಲ್ಲೂ ಈ ಪಟ್ಟಿಗೆ ತೂಕ ಇದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1980ರ ಲಿಮಿಟೇಷನ್ ಆ್ಯಕ್ಟ್ ಪ್ರಕಾರ ಇಂಥ ಸಾಲಕ್ಕೆ ಸಾಮಾನ್ಯವಾಗಿ ಆರು ವರ್ಷ ವಾಯಿದೆ. ನಮ್ಮ ಉದಾಹರಣೆಯಲ್ಲಿ ಪ್ರತಿ ಕಂತಿಗೂ ಅದರ ತಾರೀಖಿನಿಂದ ಗಡಿಯಾರ ಓಡುತ್ತೆ. ಸಾಲಗಾರರು ಬರೆದು ರುಜು ಹಾಕಿ ಸಾಲ ಒಪ್ಪಿಕೊಂಡ್ರೆ ಅಥವಾ ಅದರಲ್ಲಿ ಒಂದು ಭಾಗ ಕಟ್ಟಿದ್ರೆ, ಆ ದಿನದಿಂದ ಎಣಿಕೆ ಹೊಸದಾಗಿ ಶುರು. ಆದ್ರೆ ಆ ಹಣ ಇದೇ ಸಾಲದ್ದು ಅಂತ ತೋರಿಸಬೇಕಲ್ವಾ? ಹೆಸರಿಲ್ಲದ 150 ಪೌಂಡಿನಿಂದ ಏನೂ ತೋರಿಸೋಕಾಗಲ್ಲ, `SAALA 04` ಅಂತ ಇದ್ರೆ ತೋರಿಸಬಹುದು. ವಾಯಿದೆ ಒಮ್ಮೆ ಮೀರಿದ ಮೇಲೆ ಹೊಸ ರುಜುವೂ ಅದನ್ನ ಬದುಕಿಸಲ್ಲ. ಸ್ಕಾಟ್ಲೆಂಡಿನಲ್ಲಿ ಐದು ವರ್ಷ, ಭಾರತದಲ್ಲಿ ಮೂರು. ನೀವಿರೋ ದೇಶದ್ದು ಎಷ್ಟು ಅಂತ ರುಜು ಹಾಕೋ ಮೊದಲೇ ನೋಡ್ಕೊಳ್ಳಿ.

"ಅಂದ್ರೆ ಗೆಳೆಯರನ್ನ ಕೋರ್ಟಿಗೆ ಎಳೀಬೇಕಾ?" ಅಂತ ಕೇಳ್ತೀರಿ. ಇಲ್ಲ. ಕೋರ್ಟಿಗೆ ಹೋಗೋ ಜಗಳಗಳು ಬಹಳ ಸಲ ಹುಟ್ಟೋದು ಬಾಕಿ ಎಷ್ಟು ಅನ್ನೋದೇ ಇಬ್ಬರಿಗೂ ಗೊತ್ತಿಲ್ಲದಾಗ. ಬಾಕಿ ಗೊತ್ತಿದ್ದಾಗ ಮಾತು ಬೇರೆ ಥರ ನಡೆಯುತ್ತೆ: "ಈ ತಿಂಗಳು ಆಗ್ತಿಲ್ಲ ಕಣೇ, ಕೊನೆಗೆ ಒಂದು ಕಂತು ಸೇರಿಸೋಣ." ಆ ಒಪ್ಪಂದವನ್ನೂ ಪಟ್ಟಿಯ ಕೆಳಗೆ ಒಂದು ಸಾಲಿನಲ್ಲಿ ಬರೆದು ರುಜು ಹಾಕಿದ್ರೆ ಮುಗೀತು.

ಹಾಗಂತ ಪತ್ರಕ್ಕೆ ಇಲ್ಲದ ಶಕ್ತಿಯನ್ನ ಹೊರಿಸಬೇಡಿ. ಕೈಯಲ್ಲಿ ಕಾಸೇ ಇಲ್ಲದವರಿಂದ ಯಾವ ಕಾಗದವೂ ಹಣ ಹುಟ್ಟಿಸಲ್ಲ. ವಾಪಸ್ ಬರದಿದ್ರೂ ಪರವಾಗಿಲ್ಲ ಅನ್ನೋ ಮನಸ್ಸಿದ್ರೆ ಅದನ್ನ ಸಾಲ ಅನ್ನಬೇಡಿ, "ಇಟ್ಕೋ" ಅಂತ ಕೊಟ್ಟು ಮರೆತುಬಿಡಿ. ಬಾಯಲ್ಲಿ "ಯಾವಾಗ್ಲಾದ್ರೂ ಕೊಡು" ಅಂತ ಹೇಳಿ, ಒಳಗೊಳಗೇ ತಿಂಗಳು ಎಣಿಸೋದೇ ನಿಜವಾದ ಅಪನಂಬಿಕೆ.

ನೀವು ಹಣ ಪಡೆಯೋರಾಗಿದ್ರೆ, ಅವರು ಕೇಳೋ ತನಕ ಕಾಯಬೇಡಿ. ನೀವೇ ಪತ್ರ ಬರೆದುಕೊಂಡು ಹೋಗಿ. ಕೇಳೋ ಮುಜುಗರ ಅವರಿಗಿರಲ್ಲ, ಕಾಗದ ಕೇಳಿದ್ರು ಅನ್ನೋ ಬೇಜಾರು ನಿಮಗಿರಲ್ಲ. ಹನ್ನೆರಡನೇ ಕಂತು ಕಟ್ಟಿದ ದಿನ ಬಾಕಿ ಅಂಕಣದಲ್ಲಿ ಸೊನ್ನೆ ಬರೀರಿ. ಅದರ ಕೆಳಗೆ, ಕೊಟ್ಟವರ ಕೈಯಲ್ಲೇ, "ಪೂರ್ತಿ ಚುಕ್ತಾ" ಅಂತ ತಾರೀಖಿನ ಜೊತೆ ಬರೆಸಿ ರುಜು ಹಾಕಿಸಿಕೊಳ್ಳಿ. ಆ ಎರಡು ಪದ ನಿಮ್ಮ ಆಸ್ತಿ. ಸಾಲದ ಮಾತಿನಿಂದ ಅದನ್ನ ಯಾರೂ ಕೊಡಲಾರರು.