ಪ್ಯಾಡೋ, ಟ್ಯಾಂಪನ್ನೋ, ಕಪ್ಪೋ? ಮೊದಲು ಪಾಯಖಾನೆಯ ಬಾಗಿಲು ನೋಡಿ



ಸಂಬಳ, ಭತ್ಯೆ, ರಜೆ, ಬೋನಸ್ಸು ಎಂದು ನಾವು ಈ ಪತ್ರಿಕೆಯಲ್ಲಿ ಬರೆಯುತ್ತೇವೆ. ದುಡಿಯುವ ಹೆಂಗಸಿನ ಸಂಬಳದಿಂದ ಪ್ರತಿ ತಿಂಗಳೂ ತಪ್ಪದೆ ಕಳೆದುಹೋಗುವ ಒಂದು ಖರ್ಚಿನ ವಿಷಯವನ್ನು ಮಾತ್ರ ಯಾರೂ ಬರೆಯುವುದಿಲ್ಲ. ಅದು ಮುಟ್ಟಿನ ಖರ್ಚು. ಇದು ಮನೆಯೊಳಗಿನ ಮಾತು, ಪತ್ರಿಕೆಯಲ್ಲಿ ಏಕೆ ಎಂದು ಕೆಲವು ಹಿರಿಯರು ಹುಬ್ಬು ಗಂಟಿಕ್ಕಬಹುದು. ಮುಟ್ಟು ಮನೆಯೊಳಗೆ ಮಾತ್ರ ಬರುವುದಾಗಿದ್ದರೆ ಅವರ ಮಾತು ಸರಿ. ಅದು ಹೋಟೆಲಿನ ಮೋರಿಯ ಬಳಿಯೂ ಬರುತ್ತದೆ, ಭಿವಂಡಿಯ ಮಗ್ಗದ ಷೆಡ್ಡಿನಲ್ಲೂ ಬರುತ್ತದೆ, ಏಳು ಗಂಟೆಯ ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲೂ ಬರುತ್ತದೆ. ಹಾಗಾದ ಮೇಲೆ ಅದು ಸಂಘದ ಮಾತೇ.

ಸಂಘದ ಹೆಂಗಸರ ಬೈಠಕ್ಕಿನಲ್ಲಿ ಈಚೆಗೆ ಒಂದು ಸೂಚನೆ ಬಂದಿದೆ. ಎಲ್ಲರಿಗೂ ಒಂದೊಂದು ಮುಟ್ಟಿನ ಕಪ್ಪು ಕೊಡಿಸಿಬಿಡೋಣ, ಐದಾರು ವರ್ಷ ಚಿಂತೆಯಿಲ್ಲ, ಎಂಬುದೇ ಆ ಸೂಚನೆ. ಉದ್ದೇಶ ಒಳ್ಳೆಯದು. ಇದಕ್ಕೆ ಮೇಲ್ಪಂಕ್ತಿಯೂ ಇದೆ. ನಮ್ಮ ಕರ್ನಾಟಕದಲ್ಲಿ 2022ರಲ್ಲಿ ಸರ್ಕಾರವೇ ಚಾಮರಾಜನಗರ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ವಿದ್ಯಾರ್ಥಿನಿಯರಿಗೆ ‘ಮೈತ್ರಿ’ ಎಂಬ ಹೆಸರಿನಲ್ಲಿ ಕಪ್ಪು ಕೊಡುವ ಪ್ರಯೋಗ ಆರಂಭಿಸಿತು. ಆದರೂ ಈ ಸೂಚನೆಯನ್ನು ಇದ್ದ ಹಾಗೆ ಒಪ್ಪಲು ನನ್ನ ಮನಸ್ಸು ಹಿಂಜರಿಯುತ್ತದೆ. ಕಾರಣವನ್ನು ಲೆಕ್ಕ ಸಮೇತ ಹೇಳುತ್ತೇನೆ.

ಡೊಂಬಿವಲಿಯ ಚಾಳಿನಲ್ಲಿದ್ದು ತುರ್ಭೆಯ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಒಬ್ಬ ಹೆಂಗಸಿನ ದಿನವನ್ನು ತೆಗೆದುಕೊಳ್ಳೋಣ. ಬೆಳಿಗ್ಗೆ ಆರಕ್ಕೆ ಮನೆ ಬಿಡುತ್ತಾಳೆ. ಠಾಣೆಯಲ್ಲಿ ಇಳಿದು ವಾಶಿ ಕಡೆಯ ಗಾಡಿ ಹಿಡಿಯುತ್ತಾಳೆ. ಸಂಜೆ ಏಳಕ್ಕೆ ಮನೆ ಮುಟ್ಟುತ್ತಾಳೆ. ಹದಿಮೂರು ಗಂಟೆ ಹೊರಗೆ. ಅವಳಿಗೆ ಐದು ದಿನ ಮುಟ್ಟು. ಮೊದಲ ಮೂರು ದಿನ ದಿನಕ್ಕೆ ನಾಲ್ಕು ಪ್ಯಾಡು, ಉಳಿದೆರಡು ದಿನ ಮೂರು ಮೂರು. ಒಟ್ಟು ಹದಿನೆಂಟು.

ಅಂಗಡಿಯ ಪ್ಯಾಡಿಗೆ ಒಂದಕ್ಕೆ ಆರು ರೂಪಾಯಿ ಹಿಡಿದರೆ ತಿಂಗಳಿಗೆ 108, ವರ್ಷಕ್ಕೆ 1296 ರೂಪಾಯಿ. ಮನೆಯಲ್ಲಿ ಬೆಳೆದ ಮಗಳೊಬ್ಬಳಿದ್ದರೆ ಇದರ ಎರಡರಷ್ಟು. ಟ್ಯಾಂಪನ್ ಒಂದಕ್ಕೆ ಹನ್ನೆರಡು ರೂಪಾಯಿ ಎಂದರೆ ವರ್ಷಕ್ಕೆ 2592. ಕಪ್ಪಿಗೆ ಮುನ್ನೂರು ಕೊಟ್ಟು ಐದು ವರ್ಷ ಬಳಸಿದರೆ ವರ್ಷಕ್ಕೆ ಅರವತ್ತೇ ರೂಪಾಯಿ. ಈ ಮೂರು ಅಂಕಿಗಳನ್ನು ಮಾತ್ರ ನೋಡಿದವರು ಕಪ್ಪೇ ಸರಿ ಎಂದು ಎದ್ದುಬಿಡುತ್ತಾರೆ. ಆದರೆ ನಾಲ್ಕನೆಯ ಅಂಕಿಯೊಂದಿದೆ. ಸರ್ಕಾರದ ಜನೌಷಧಿ ಅಂಗಡಿಯಲ್ಲಿ ‘ಸುವಿಧಾ’ ಎಂಬ ಪ್ಯಾಡನ್ನು 2019ರ ಆಗಸ್ಟಿನಿಂದ ಒಂದಕ್ಕೆ ಒಂದು ರೂಪಾಯಿಯಂತೆ ಮಾರುತ್ತಾರೆ. ಹದಿನೆಂಟು ಪ್ಯಾಡಿಗೆ ಹದಿನೆಂಟೇ ರೂಪಾಯಿ, ವರ್ಷಕ್ಕೆ 216. ಪ್ಯಾಡಿನ ಮೇಲೆ 2017ರಲ್ಲಿ ಹಾಕಿದ್ದ ನೂರಕ್ಕೆ ಹನ್ನೆರಡರ ಜಿ.ಎಸ್.ಟಿ.ಯನ್ನು ಹೆಂಗಸರ ಕೂಗಿಗೆ ಮಣಿದು 2018ರ ಜುಲೈಯಲ್ಲಿ ತೆಗೆದದ್ದೂ ನೆನಪಿರಲಿ. ಕೂಗಿದರೆ ಬೆಲೆ ಇಳಿಯುತ್ತದೆ.

ಇನ್ನು ದುಡ್ಡಿನ ಲೆಕ್ಕ ಬಿಟ್ಟು ಗಂಟೆಯ ಲೆಕ್ಕಕ್ಕೆ ಬರೋಣ. ನಮ್ಮಂಥವರಿಗೆ ನಿಜವಾದ ಲೆಕ್ಕ ಇದೇ.

ಪ್ಯಾಡನ್ನು ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು. ಒಲೆಯ ಕಾವು, ಮೋರಿಯ ನೀರು, ಮೈಯ ಬೆವರು ಸೇರಿ ಅದು ಹೊರಗಿನಿಂದಲೂ ಒದ್ದೆಯಾಗುತ್ತದೆ. ಹತ್ತು ಗಂಟೆ ಅದನ್ನೇ ಇಟ್ಟುಕೊಂಡರೆ ತೊಡೆಯ ಸಂದು ಕೆಂಪಾಗಿ ಸುಲಿಯುತ್ತದೆ, ತುರಿಕೆ, ವಾಸನೆ. ಇದು ಬಹಳ ಕಷ್ಟ, ಆದರೆ ಜೀವಕ್ಕೆ ಅಪಾಯವಲ್ಲ. ಪ್ಯಾಡಿನ ದೊಡ್ಡ ಗುಣ ಇದು: ಅದನ್ನು ಬದಲಿಸುವಾಗ ಕೈ ಸ್ವಲ್ಪ ಕೊಳೆಯಾಗಿದ್ದರೂ ಕೊಳೆ ಮೈಯೊಳಗೆ ಹೋಗುವುದಿಲ್ಲ.

ಟ್ಯಾಂಪನ್ ಒಳಗಿಡುವ ಹತ್ತಿಯ ಬತ್ತಿ. ತೆಳ್ಳಗೆ, ಹಗುರ, ನೀರಿನಲ್ಲಿ ಕೆಲಸ ಮಾಡುವವಳಿಗೆ ಹಿತವೂ ಹೌದು. ಆದರೆ ಅದನ್ನು ಎಂಟು ಗಂಟೆಯ ಮೇಲೆ ಒಂದು ನಿಮಿಷವೂ ಇಡಕೂಡದು. 1980ರಲ್ಲಿ ಅಮೆರಿಕದಲ್ಲಿ ಬಹಳ ಹೆಚ್ಚು ಹೀರುವ ಒಂದು ಬಗೆಯ ಟ್ಯಾಂಪನ್ ಬಳಸಿದವರಲ್ಲಿ ‘ಟಾಕ್ಸಿಕ್ ಷಾಕ್’ ಎಂಬ ರೋಗ ಕಾಣಿಸಿಕೊಂಡು ಕೆಲವರು ಸತ್ತರು. ಆ ಮಾಲನ್ನು ಕಂಪೆನಿ ಅದೇ ವರ್ಷ ಪೇಟೆಯಿಂದ ವಾಪಸು ತೆಗೆದುಕೊಂಡಿತು. ಒಂದು ಜಾತಿಯ ರೋಗಾಣು ಒಳಗೆ ಬೆಳೆದು ವಿಷ ಬಿಡುವುದರಿಂದ ಬರುವ ರೋಗ ಇದು. ಬಲು ಅಪರೂಪ, ಆದರೆ ಬಂದರೆ ಬೇಗ ಏರುತ್ತದೆ. ಇದ್ದಕ್ಕಿದ್ದಂತೆ ಜೋರು ಜ್ವರ, ವಾಂತಿ ಭೇದಿ, ತಲೆ ತಿರುಗುವುದು, ಬಿಸಿಲಿಗೆ ಸುಟ್ಟಂತೆ ಮೈ ಕೆಂಪಾಗುವುದು ಕಂಡರೆ ಒಳಗಿರುವುದನ್ನು ಕೂಡಲೇ ತೆಗೆದು ಆಸ್ಪತ್ರೆಗೆ ಓಡಬೇಕು, ಮುಟ್ಟಿನ ಮಾತನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಬೇಕು. ಕಪ್ಪಿನಿಂದಲೂ ಈ ರೋಗ ಬಂದದ್ದುಂಟು, ಆದರೆ ಬಲು ವಿರಳ. ಹದಿಮೂರು ಗಂಟೆ ಹೊರಗಿರುವ, ನಡುವೆ ಬದಲಿಸಲು ತಾವಿಲ್ಲದ ಹೆಂಗಸಿಗೆ ಟ್ಯಾಂಪನ್ ತಕ್ಕುದಲ್ಲ ಎಂದು ನಾನು ನೇರವಾಗಿಯೇ ಹೇಳುತ್ತೇನೆ. ಬೆಲೆಯಲ್ಲೂ ಅದೇ ಮೇಲು.

ಈಗ ಕಪ್ಪು. ಇದು ಸಿಲಿಕೋನಿನ ಮೆತ್ತನೆಯ ಗಂಟೆಯಾಕಾರದ ಬಟ್ಟಲು. ಹೀರುವುದಿಲ್ಲ, ಹಿಡಿದಿಡುತ್ತದೆ. ಹರಿವು ಸಾಧಾರಣವಾಗಿದ್ದರೆ ಹನ್ನೆರಡು ಗಂಟೆಯವರೆಗೆ ಇರಬಹುದು. 2019ರಲ್ಲಿ ಲ್ಯಾನ್ಸೆಟ್ ವೈದ್ಯ ಪತ್ರಿಕೆಯ ಬಳಗದಲ್ಲಿ 43 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದ ಲೇಖನ ಬಂತು. ಸೋರುವುದರಲ್ಲಿ ಕಪ್ಪು ಪ್ಯಾಡಿಗಿಂತಲೂ ಟ್ಯಾಂಪನ್ನಿಗಿಂತಲೂ ಹೆಚ್ಚಲ್ಲ ಎಂಬುದು ಅದರ ತೀರ್ಮಾನ. ಆದರೆ ಕೈ ಪಳಗಲು ಎರಡು ಮೂರು ತಿಂಗಳು, ಕೆಲವರಿಗೆ ಇನ್ನೂ ಹೆಚ್ಚು ಬೇಕಾಗುತ್ತದೆ. ಮೊದಲ ತಿಂಗಳಲ್ಲೇ ಸೋರಿತೆಂದು ಎಸೆಯುವವರು ಇದನ್ನು ತಿಳಿದಿರಬೇಕು.

ಬಳಸುವ ಕ್ರಮ ಹೀಗೆ. ಸೋಪು ಹಚ್ಚಿ ಕೈ ತೊಳೆದು, ಕಪ್ಪಿನ ಬಾಯನ್ನು ಎರಡಾಗಿ ಮಡಚಿ, ಕುಕ್ಕರುಗಾಲಿನಲ್ಲಿ ಕೂತು, ಬೆನ್ನಿನ ಬುಡದ ಕಡೆಗೆ ಓರೆಯಾಗಿ ಒಳಗಿಡಬೇಕು. ಒಳಗೆ ಅದು ತಾನೇ ಅರಳುತ್ತದೆ. ಬೆರಳಾಡಿಸಿದಾಗ ಮಡಿಕೆ ಸಿಕ್ಕಿದರೆ ಅರಳಿಲ್ಲವೆಂದು ಅರ್ಥ. ಕಪ್ಪು ಅರ್ಧವೂ ತುಂಬದೆ ಸೋರುವುದಕ್ಕೆ ಹೆಚ್ಚಾಗಿ ಇದೇ ಕಾರಣ. ತೆಗೆಯುವಾಗ ಬಾಲ ಹಿಡಿದು ಜಗ್ಗಬಾರದು. ಬುಡವನ್ನು ಎರಡು ಬೆರಳಲ್ಲಿ ಹಿಂಡಿ, ಒಳಗಿನ ಗಾಳಿಯ ಹಿಡಿತ ಬಿಡಿಸಿ, ಮೆಲ್ಲಗೆ ಇಳಿಸಬೇಕು. ಚೆಲ್ಲಿ, ಕುಡಿಯುವಂಥ ನೀರಿನಲ್ಲಿ ತೊಳೆದು ಮತ್ತೆ ಇಡಬೇಕು. ಮುಟ್ಟು ಶುರುವಾಗುವ ಮೊದಲು ಮತ್ತು ಮುಗಿದ ಮೇಲೆ, ಅದಕ್ಕೆಂದೇ ಇಟ್ಟ ಪಾತ್ರೆಯಲ್ಲಿ ಮುಳುಗುವಷ್ಟು ನೀರು ಹಾಕಿ, ಜೊತೆಯ ಚೀಟಿಯಲ್ಲಿ ಹೇಳಿದಷ್ಟು ನಿಮಿಷ ಕುದಿಸಬೇಕು. ಒಣಗಿಸಿ ಬಟ್ಟೆಯ ಚೀಲದಲ್ಲಿಡಬೇಕು, ಗಾಳಿಯಾಡದ ಡಬ್ಬಿಯಲ್ಲಲ್ಲ. ಹೋಟೆಲಿನ ಅಕ್ಕಂದಿರಿಗೆ ಒಂದು ವಿಶೇಷ ಎಚ್ಚರಿಕೆ: ಹಸಿಮೆಣಸು ಹೆಚ್ಚಿದ ಕೈಗೆ ಒಮ್ಮೆ ಸೋಪು ಸಾಲದು. ಮೊದಲು ಎಣ್ಣೆ ತಿಕ್ಕಿ, ಆಮೇಲೆ ಸೋಪಿನಲ್ಲಿ ಎರಡು ಸಲ ತೊಳೆಯಿರಿ. ಇಲ್ಲದಿದ್ದರೆ ಆ ಉರಿಯನ್ನು ಹೇಳತೀರದು.

ಕಾಪರ್-ಟಿ ಹಾಕಿಸಿಕೊಂಡವರು ಕಪ್ಪು ಬಳಸುವ ಮೊದಲು ಡಾಕ್ಟರನ್ನು ಕೇಳಬೇಕು. ಗಾಳಿಯ ಹಿಡಿತ ಬಿಡಿಸದೆ ಎಳೆದರೆ ಅದು ಜಾರಬಹುದು. ಬಾಣಂತಿಯರು ಕಡಿಮೆ ಪಕ್ಷ ಆರು ವಾರ ತಡೆಯಬೇಕು. ಕಪ್ಪಿಗೆ ಇನ್ನೊಂದು ಉಪಯೋಗವಿದೆ: ಅದರಲ್ಲಿ ರಕ್ತದ ಅಳತೆ ಸಿಗುತ್ತದೆ. ಒಂದು ಮುಟ್ಟಿನಲ್ಲಿ ಒಟ್ಟು 80 ಮಿ.ಲೀ.ಗೆ ಮೀರಿದರೆ, ಅಂದರೆ 25 ಮಿ.ಲೀ.ಯ ಕಪ್ಪು ಮೂರಕ್ಕಿಂತ ಹೆಚ್ಚು ಸಲ ಪೂರ್ತಿ ತುಂಬಿದರೆ, ಡಾಕ್ಟರಿಗೆ ತೋರಿಸಿ ರಕ್ತಹೀನತೆಯ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ ವಯಸ್ಸಾಯಿತೆಂದು ಸುಮ್ಮನಿರುವ ನಮ್ಮ ಹೆಂಗಸರಿಗೆ ಇದು ದೊಡ್ಡ ಸಹಾಯ.

ಇಷ್ಟೆಲ್ಲ ಗುಣವಿದ್ದೂ ನಾನು ಏಕೆ ಹಿಂಜರಿಯುತ್ತೇನೆ? ಮೇಲಿನ ಕ್ರಮವನ್ನು ಇನ್ನೊಮ್ಮೆ ಓದಿ, ಅದಕ್ಕೆ ಏನೇನು ಬೇಕೆಂದು ಎಣಿಸಿ. ಚಿಲಕ ಬೀಳುವ ಬಾಗಿಲು. ಬಾಗಿಲಿನ ಒಳಗೇ ಶುದ್ಧ ನೀರು. ಸೋಪು. ಯಾರೂ ಹೊರಗಿನಿಂದ ತಟ್ಟದ ಐದು ನಿಮಿಷ. ಮನೆಯಲ್ಲಿ ಕುದಿಸಲು ಒಂದು ಪಾತ್ರೆ ಮತ್ತು ಅತ್ತೆಯ ಒಪ್ಪಿಗೆ. ತಮ್ಮ ಖೋಲಿಯಲ್ಲೇ ಮೋರಿ ಇರುವ, ಪಾಳಿ ಎಂಟೊಂಬತ್ತು ಗಂಟೆ ಮೀರದ ಹೆಂಗಸು ಬೆಳಿಗ್ಗೆ ಇಟ್ಟುಕೊಂಡು ಸಂಜೆ ಮನೆಯಲ್ಲೇ ತೆಗೆಯಬಹುದು. ಹೋಟೆಲಿನ ಪಾಯಖಾನೆಯ ಗೊಡವೆಯೇ ಇಲ್ಲ. ಅಂಥವಳಿಗೆ ಕಪ್ಪಿನಷ್ಟು ಸುಖ ಬೇರೆಯಿಲ್ಲ. ನಮ್ಮ ತುರ್ಭೆಯ ಅಕ್ಕನಿಗೆ ಹದಿಮೂರು ಗಂಟೆ. ಹನ್ನೆರಡರ ಮಿತಿ ಮೀರುತ್ತದೆ. ಹರಿವು ಹೆಚ್ಚಿರುವ ಎರಡನೆಯ ದಿನ ನಡುವೆ ಒಮ್ಮೆ ತೆಗೆಯಲೇಬೇಕು. ಗಂಡಸರೂ ಹೆಂಗಸರೂ ಸರದಿ ನಿಲ್ಲುವ, ಬಕೆಟ್ಟು ಹೊರಗಿರುವ ಪಾಯಖಾನೆಯಲ್ಲಿ ಅದು ಹೇಗೆ ಸಾಧ್ಯ? ಅವಳಿಗೆ ಇಂದಿಗೆ ಪ್ಯಾಡೇ ಸರಿ. ರಜೆಯ ದಿನ ಮತ್ತು ರಾತ್ರಿ ಮನೆಯಲ್ಲಿ ಕಪ್ಪು ಅಭ್ಯಾಸ ಮಾಡಿಕೊಳ್ಳಲಿ.

ಕಪ್ಪು ಖರ್ಚನ್ನು ಪರ್ಸಿನಿಂದ ತೆಗೆದು ನೀರಿನ ಮೇಲೆ ಹಾಕುತ್ತದೆ. ನೀರು, ಬಾಗಿಲು, ಬಿಡುವು ಕೊಡಬೇಕಾದವನು ಮಾಲಿಕ. ಕಪ್ಪು ಹಂಚಿ ಕೈ ತೊಳೆದುಕೊಂಡರೆ ಮಾಲಿಕನ ಭಾರವನ್ನು ನಾವು ಹೆಂಗಸಿನ ಮೈಮೇಲೆ ಹೊರಿಸಿದಂತೆ. ಪ್ಯಾಡಿಗೂ ಇದೇ ಮಾತು. ಒಳಗೆ ಮುಚ್ಚಳದ ಡಬ್ಬ ಇಲ್ಲದಿರುವುದರಿಂದಲೇ ಹೆಂಗಸರು ಅದನ್ನು ಪಾಯಖಾನೆಗೆ ಹಾಕುತ್ತಾರೆ, ಕೊಳವೆ ಕಟ್ಟುತ್ತದೆ, ಆಮೇಲೆ ಅದನ್ನು ಕೈಹಾಕಿ ತೆಗೆಯುವವನೂ ನಮ್ಮಂಥ ಕೂಲಿಯವನೇ. ಕಾಗದದಲ್ಲಿ ಸುತ್ತಿ ಡಬ್ಬಕ್ಕೆ ಹಾಕುವುದು ನಮ್ಮ ಕರ್ತವ್ಯ. ಡಬ್ಬ ಇಡುವುದು ಮಾಲಿಕನ ಕರ್ತವ್ಯ.

ಆದುದರಿಂದ ಸಂಘದ ಮುಂದೆ ನನ್ನ ಸೂಚನೆ ಇಷ್ಟು. ಮೊದಲು, ಕಚೇರಿಯಲ್ಲಿ ಜನೌಷಧಿ ಪ್ಯಾಡಿನ ದಾಸ್ತಾನಿಟ್ಟು ತಂದ ಬೆಲೆಗೇ ಕೊಡೋಣ. ಎರಡನೆಯದಾಗಿ, ಕಪ್ಪನ್ನು ಕೇಳಿದವರಿಗೆ, ಮನೆಯಲ್ಲಿ ನೀರು ಬಾಗಿಲು ಇದ್ದವರಿಗೆ ಕೊಡೋಣ. ಬಳಸಿ ಪಳಗಿದ ಒಬ್ಬ ಹೆಂಗಸು ಮೂರು ತಿಂಗಳು ಅವರಿಗೆ ಹೇಳಿಕೊಡಲಿ. ಮೂರನೆಯದಾಗಿ, ಬರುವ ಬೇಡಿಕೆ ಪಟ್ಟಿಯಲ್ಲಿ ಸಂಬಳದ ಸಾಲಿನ ಕೆಳಗೇ ಈ ಸಾಲು ಬರೆಯೋಣ: ಹೆಂಗಸರಿಗೆ ಬೇರೆ ಪಾಯಖಾನೆ, ಒಳಗೆ ಚಿಲಕ, ನಲ್ಲಿ, ಸೋಪು, ಮುಚ್ಚಳದ ಡಬ್ಬ, ಪಾಳಿಯ ನಡುವೆ ಕೇಳದೆ ಹೋಗಿಬರುವ ಬಿಡುವು. ಈ ಸಾಲನ್ನು ಮಾಲಿಕನ ಮುಂದೆ ಓದುವಾಗ ಗಂಡಸು ಪ್ರತಿನಿಧಿಗಳು ಗಂಟಲು ಸರಿಮಾಡಿಕೊಳ್ಳುವ ನೆಪದಲ್ಲಿ ನುಂಗಿಬಿಡಬಾರದು. ಗಟ್ಟಿಯಾಗಿ ಓದಬೇಕು.