ಮೂರು ಸಲ ಮರಳು ಸುರಿದರೆ ಸಾಲದು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಪ್ರೌಢಶಾಲೆಗಳಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳ ಗಣಿತ ಪಾಠಗಳನ್ನು ವೀಕ್ಷಿಸುತ್ತ ಬಂದಿದ್ದೇನೆ. ಒಂಬತ್ತನೆಯ ತರಗತಿಯಲ್ಲಿ ಶಂಕುವಿನ ಘನಫಲ ಬಂದಾಗ ಎಲ್ಲರ ಕೈಯಲ್ಲೂ ಅದೇ ಉಪಕರಣ: ಒಂದೇ ಪಾದ, ಒಂದೇ ಎತ್ತರದ ಶಂಕು ಮತ್ತು ಸಿಲಿಂಡರ್, ಜೊತೆಗೆ ಒಂದು ಚೀಲ ಮರಳು. ಮೂರು ಸಲ ಸುರಿದರೆ ಸಿಲಿಂಡರ್ ತುಂಬುತ್ತದೆ, ಸೂತ್ರ ಕಪ್ಪುಹಲಗೆಗೆ ಹೋಗುತ್ತದೆ. ರಾಯಬಾಗದ ಕಡೆಯ ಒಂದು ಶಾಲೆಯಲ್ಲಿ ಹುಡುಗಿಯೊಬ್ಬಳು ಕೇಳಿದಳು: "ಸರ್, ಬರೋಬ್ಬರಿ ಮೂರs ಯಾಕ್ರಿ?" ಮರಳಿನ ಹತ್ತಿರ ಇದಕ್ಕೆ ಉತ್ತರವಿಲ್ಲ. ಮೂರಕ್ಕೆ ಹತ್ತಿರ ಎಂದಷ್ಟೇ ಅದು ಹೇಳಬಲ್ಲದು.

ಉತ್ತರ ಇರುವುದು ಘನದಲ್ಲಿ. ಆದ್ದರಿಂದ ಮರಳಿಗಿಂತ ಮೊದಲು ಒಂದು ಘನವನ್ನು ಮೂರು ಸಮ ಪಿರಮಿಡ್‌ಗಳಾಗಿ ಒಡೆದು ತೋರಿಸಬೇಕು ಎಂಬುದು ನನ್ನ ವಾದ.

ಮಾಡುವ ಕ್ರಮ ಸರಳ. ಡ್ರಾಯಿಂಗ್ ಹಾಳೆಯ ಮೇಲೆ 9 ಸೆಂ.ಮೀ. ಬಾಹುವಿನ ಚೌಕ ಎಳೆದು ಒಂದು ಮೂಲೆಗೆ 'ಅ' ಎಂದು ಬರೆಯಿರಿ. 'ಅ'ದಲ್ಲಿ ಕೂಡುವ ಎರಡೂ ಬಾಹುಗಳನ್ನು 'ಅ'ದ ಆಚೆಗೆ 9 ಸೆಂ.ಮೀ. ಬೆಳೆಸಿ. ಅವೇ ಬಾಹುಗಳನ್ನು ಇನ್ನೊಂದು ತುದಿಯಲ್ಲಿ ಚೌಕದ ಕರ್ಣದಷ್ಟು ಬೆಳೆಸಿ. ಕರ್ಣವನ್ನು ಲೆಕ್ಕ ಹಾಕುವುದು ಬೇಡ, ಕೈವಾರವನ್ನು ಮೂಲೆಯಿಂದ ಮೂಲೆಗೆ ತೆರೆದು ಇಟ್ಟರೆ ಸಾಕು. ಸುಮಾರು 12.7 ಸೆಂ.ಮೀ. ಬರುತ್ತದೆ. ಚೌಕದ ನಾಲ್ಕೂ ಬಾಹುಗಳ ಮೇಲೆ ಹೊರಮುಖವಾಗಿ ಒಂದೊಂದು ಲಂಬಕೋನ ತ್ರಿಭುಜ ಬರುವಂತೆ ತುದಿಗಳನ್ನು ಸೇರಿಸಿ, ಅಂಟಿಸಲು ಪಟ್ಟಿ ಬಿಟ್ಟು ಕತ್ತರಿಸಿ ಮಡಚಿದರೆ ಪಿರಮಿಡ್ ಸಿದ್ಧ. ಅದರ ಶೃಂಗ ಪಾದದ ನಡುವಿನ ಮೇಲಲ್ಲ, 'ಅ' ಮೂಲೆಯ ನೇರ ಮೇಲೆ ಇರುತ್ತದೆ. ಇಂಥವು ಮೂರು ಬೇಕು. ಮೂರರ ಅತಿ ಉದ್ದದ ಅಂಚುಗಳನ್ನು, ಅಂದರೆ ಸುಮಾರು 15.6 ಸೆಂ.ಮೀ. ಇರುವವನ್ನು, ಶೃಂಗಕ್ಕೆ ಶೃಂಗ ಕೂಡಿಸಿ ಒಟ್ಟಿಗೆ ತಂದರೆ ಘನ ಮುಚ್ಚಿಕೊಳ್ಳುತ್ತದೆ. ಆ ಅಂಚೇ ಘನದ ಒಳಕರ್ಣ. 729 ಘನ ಸೆಂ.ಮೀ. ಮೂರು ಪಾಲಾಗಿ ಒಂದೊಂದಕ್ಕೆ 243.

ಘನ ಮುಚ್ಚಿಕೊಳ್ಳದೆ ಬಿರುಕು ಬಿಟ್ಟರೆ 12.7ರ ಬದಲು 12 ಅಥವಾ 13 ಹಿಡಿದಿರಬಹುದು. ಹಾಗಾದಾಗ ಮಡಚುವ ಹೊತ್ತಿಗೇ ಅಂಟಿಸಬೇಕಾದ ಎರಡು ಅಂಚುಗಳು ಸಮ ಬರುವುದಿಲ್ಲ. ಇನ್ನು ಕೆಲವರು ಶೃಂಗ ನಡುವೆ ಇರುವ ಪಿರಮಿಡ್‌ಗಳನ್ನೇ ಮೂರು ಮಾಡಿ ತರುತ್ತಾರೆ. ಅವುಗಳ ಘನಫಲ ಸರಿಯೇ ಇದ್ದರೂ ಘನವಾಗಿ ಕೂಡುವುದಿಲ್ಲ.

ಕೂಡಿಸುವ ಮೊದಲು ಮಕ್ಕಳಿಂದ ಊಹೆ ಕೇಳಿ. ತ್ರಿಭುಜ ಆಯತದ ಅರ್ಧ, ಹಾಗಾಗಿ ಇದೂ ಅರ್ಧ ಎಂದು ಹೆಚ್ಚಿನವರು ಹೇಳುತ್ತಾರೆ. ನಗುವಂತಿಲ್ಲ. ಕ್ರಿ.ಶ. 499ರ ಆರ್ಯಭಟೀಯವೂ ಆರು ಅಂಚಿನ ಘನಾಕೃತಿಗೆ ಪಾದ ಮತ್ತು ಎತ್ತರದ ಗುಣಲಬ್ಧದ ಅರ್ಧವನ್ನೇ ಹೇಳಿತ್ತು. ಮೂರನೆಯ ಒಂದು ಭಾಗ ಎಂಬ ಸರಿಯಾದ ನಿಯಮ 628ರಲ್ಲಿ ಬ್ರಹ್ಮಗುಪ್ತನಲ್ಲಿದೆ.

ನಮ್ಮ ಪಾಠಯೋಜನೆಗಳು ಎಡವುವುದು ಇದರ ಮುಂದೆ. ಘನ ಕೂಡಿತು, ಆದ್ದರಿಂದ ಎಲ್ಲ ಪಿರಮಿಡ್‌ಗೂ V = ⅓ × ಪಾದದ ವಿಸ್ತೀರ್ಣ × ಎತ್ತರ ಎಂದು ಬರೆದುಬಿಡುತ್ತಾರೆ. ಘನ ಸಾಧಿಸಿದ್ದು ಒಂದೇ ಜಾತಿಯ ಪಿರಮಿಡ್‌ಗೆ: ಎತ್ತರ ಪಾದದ ಬಾಹುವಿನಷ್ಟೇ ಇದ್ದು, ಶೃಂಗ ಮೂಲೆಯ ಮೇಲಿರುವಂಥದ್ದಕ್ಕೆ. ಉಳಿದವಕ್ಕೆ ಎರಡು ಹೆಜ್ಜೆ ಬೇಕು.

ಮೊದಲನೆಯದು ಎತ್ತರ ಬದಲಿಸುವುದು. ಪಿರಮಿಡ್ಡನ್ನು ತೆಳು ಪದರಗಳ ರಾಶಿ ಎಂದು ಭಾವಿಸಿ. ಪ್ರತಿ ಪದರದ ದಪ್ಪ ಎರಡು ಪಟ್ಟಾದರೆ ಎತ್ತರವೂ ಘನಫಲವೂ ಎರಡು ಪಟ್ಟು, ಮೂರನೆಯ ಒಂದು ಎಂಬ ಪಾಲು ಹಾಗೇ ಉಳಿಯುತ್ತದೆ. ಎರಡನೆಯದು ಶೃಂಗವನ್ನು ಸರಿಸುವುದು. 1 ಸೆಂ.ಮೀ. ದಪ್ಪದ ಥರ್ಮಾಕೋಲಿನಲ್ಲಿ 9, 8, 7 ಹೀಗೆ 1 ಸೆಂ.ಮೀ.ವರೆಗಿನ ಒಂಬತ್ತು ಚೌಕ ಕತ್ತರಿಸಿ, ಒಂದು ಮೂಲೆಗೆ ಒತ್ತಿ ಪೇರಿಸಿ. ಆಮೇಲೆ ಒಂದೊಂದನ್ನೇ ನಡುವಿಗೆ ಸರಿಸಿ. ಶೃಂಗ ಜಾಗ ಬದಲಿಸಿತು, ಥರ್ಮಾಕೋಲು ಹೆಚ್ಚೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ. ಈ ರಾಶಿಯ ಘನಫಲವನ್ನು ಮಾತ್ರ ಸೂತ್ರಕ್ಕೆ ಹೋಲಿಸಬೇಡಿ. ಮೆಟ್ಟಿಲುಗಳಿಂದಾಗಿ ಅದು 285 ಬರುತ್ತದೆ, 243 ಅಲ್ಲ. ಚುರುಕು ಮಕ್ಕಳು ಲೆಕ್ಕ ಹಾಕಿಯೇ ಹಾಕುತ್ತಾರೆ. ಆಗ ಅರ್ಧ ಸೆಂ.ಮೀ. ದಪ್ಪದ ಹದಿನೆಂಟು ಪದರ ಹಿಡಿದು ನೋಡಲು ಹೇಳಿ, ಸುಮಾರು 264ಕ್ಕೆ ಇಳಿಯುತ್ತದೆ. ಪದರ ತೆಳುವಾದಷ್ಟೂ 243ರ ಹತ್ತಿರ ಬರುತ್ತದೆ.

ಶಂಕುವಿಗೆ ಬರುವುದು ಆಮೇಲೆ ಸುಲಭ. ನಡುವೆ ಶೃಂಗವಿರುವ ಪಿರಮಿಡ್ಡಿನ ಪ್ರತಿ ಚೌಕ ಪದರದೊಳಗೆ ಬಾಹುಗಳನ್ನು ಮುಟ್ಟುವ ವೃತ್ತ ಎಳೆದರೆ, ಪದರ ದೊಡ್ಡದಿರಲಿ ಸಣ್ಣದಿರಲಿ, ವೃತ್ತ ಚೌಕದ π/4 ಭಾಗವೇ. ಆದ್ದರಿಂದ ಶಂಕು ಪಿರಮಿಡ್ಡಿನ π/4, ಸಿಲಿಂಡರ್ ಚೌಕಪಾದದ ಪೆಟ್ಟಿಗೆಯ π/4. ಪಾಲು ಮತ್ತೆ ಮೂರನೆಯ ಒಂದೇ.

ನಲವತ್ತು ನಿಮಿಷಕ್ಕೆ ಇದೆಲ್ಲ ಹಿಡಿಸುವುದಿಲ್ಲ ಎಂದು ಪ್ರಶಿಕ್ಷಣಾರ್ಥಿಗಳು ಹೇಳುವುದು ನಿಜ. ಜಾಲಾಕೃತಿಗಳನ್ನು ಹಿಂದಿನ ದಿನ ಮನೆಗೆಲಸಕ್ಕೆ ಕೊಡಿ, ಒಂದು ಅವಧಿ ಘನಕ್ಕೆ, ಇನ್ನೊಂದು ಪದರಗಳಿಗೆ ಇಡಿ. ಮರಳಿನ ಚೀಲ ಎರಡನೆಯ ಅವಧಿಯ ಕೊನೆಗೆ ಬಿಚ್ಚಿದರಾಯಿತು.